ಹೊಸ್ತಿಲ ಈಚೆ ನಿಂತು ಮಾಡಿದ ತಪಾಸಣೆ

ಹತ್ತಾರು ಬಿಡಾರಗಳಿದ್ದ ಪುಣೆಯ ಹಳೆಯ ವಾಡೆಯೊಂದರಲ್ಲಿ ಬೆಳಗಾವಿ ಕಡೆಯ ವಿಧವೆಯೊಬ್ಬರು ಖಾನಾವಳಿ ನಡೆಸುತ್ತಿದ್ದರು. ಅವರನ್ನು ಎಲ್ಲರೂ ಮರಾಠಿಯಲ್ಲಿ ಮಾವಶಿ, ಚಿಕ್ಕಮ್ಮ, ಎನ್ನುತ್ತಿದ್ದೆವು. ನಮ್ಮ ಕಡೆಯಿಂದ ಬಂದ ಕಾರಕೂನರೆಲ್ಲ ಉಣ್ಣುತ್ತಿದ್ದುದು ಅಲ್ಲಿಯೇ. ನಾನು ಬಿ.ಎಸ್ಸಿ. ಮುಗಿಸಿ ನಗರದ ಆರೋಗ್ಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದೆ. ಖಾನಾವಳಿಗಳ ಅಡುಗೆಮನೆ ನೋಡುವುದು ನನ್ನ ಕೆಲಸ. ಮಾವಶಿಯದನ್ನೂ ನೋಡಿದ್ದೆ, ಹೊಸ್ತಿಲ ಈಚೆ ನಿಂತು.

"ಅಲ್ಲೇ ನಿಲ್ಲೋ ತಮ್ಮಾ, ನಾ ಮಡಿಯೊಳಗ ಇದ್ದೀನಿ. ಊರಾಗಿನ ಗಟಾರೆಲ್ಲಾ ತುಳದು ಬಂದು ನನ್ನ ಒಲಿ ಏನ್ ನೋಡ್ತಿ?"

ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕು, 'ಅತ್ಯಂತ ಸ್ವಚ್ಛ' ಎಂದು ಬರೆದುಕೊಂಡೆ.

ಆ ಮಳೆಗಾಲದ ಕೊನೆಗೆ ನನ್ನ ಕೋಣೆಯ ಗೆಳೆಯನಿಗೆ ಜ್ವರ ಹತ್ತಿತು. ಅವನು ರೈಲ್ವೆ ಕಚೇರಿಯ ಕಾರಕೂನ, ಧಾರವಾಡದವನು. ಜ್ವರ ದಿನದಿನಕ್ಕೆ ಏರುತ್ತ ಹೋಯಿತು, ಇಳಿಯಲಿಲ್ಲ. ವಿಷಮಶೀತ ಜ್ವರ ಎಂದರು. ಆಗ ಅದಕ್ಕೆ ಔಷಧಿ ಎಂಬುದು ಇರಲಿಲ್ಲ. ಗಂಜಿ, ತಣ್ಣೀರು ಬಟ್ಟೆ, ಕಾಯುವುದು. ಅದೇ ಪಂಕ್ತಿಯ ಇನ್ನಿಬ್ಬರು ಮಲಗಿದರು. ನನಗೆ ಏನೂ ಆಗಲಿಲ್ಲ. ಇಲಾಖೆಯವರು ನಮಗೆಲ್ಲ ಆ ಜ್ವರ ಬಾರದಂತೆ ಮೊದಲೇ ಸೂಜಿ ಚುಚ್ಚಿಸಿದ್ದರು. ನೀನೂ ಹಾಕಿಸಿಕೋ ಎಂದು ಗೆಳೆಯನಿಗೆ ಹೇಳಲು ನನಗೆ ತೋಚಿರಲಿಲ್ಲ.

ವಾಡೆಯ ಬಾವಿಯೇ ಕಾರಣ ಎಂದು ನಾನು ಹಿಡಿದೆ. ಕೆಂಪು ಔಷಧಿ ಹಾಕಿಸಿ, ನೀರು ಗುಲಾಬಿ ಬಣ್ಣವಾದದ್ದನ್ನು ನೋಡಿ ಸಮಾಧಾನಪಟ್ಟೆ. ಮೂರು ವಾರದ ಮೇಲೆ ಪಂಕ್ತಿಯ ಮತ್ತಿಬ್ಬರು ಮಲಗಿದರು. ಅದೇ ಬಾವಿಯ ನೀರು ಕುಡಿಯುವ ವಾಡೆಯ ಮರಾಠಿ ಮನೆಗಳಲ್ಲಿ ಒಬ್ಬರಿಗೂ ಜ್ವರವಿರಲಿಲ್ಲ. ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ನಮ್ಮ ಮೇಲಿನ ಡಾಕ್ಟರು ನಮ್ಮ ಕಡೆಯವರೇ. ನನ್ನ ವರದಿ ಓದಿ ಮೇಜಿನ ಮೇಲೆ ಎಸೆದರು.

"ರೋಗ ಅಂದ್ರ ಸರಪಳಿ. ಅದಕ್ಕ ಇರಲಿಕ್ಕೆ ಒಂದು ಮನಿ ಬೇಕು, ಹೊರಗ ಬರಲಿಕ್ಕೆ ಬಾಗಿಲ ಬೇಕು, ದಾರಿ ಬೇಕು, ಮತ್ತ ಇನ್ನೊಬ್ಬನ ಮೈಯಾಗ ಹೋಗಲಿಕ್ಕೆ ಬಾಗಿಲ ಬೇಕು. ಕಜ್ಜಿ ಮೈಗೆ ಮೈ ಹತ್ತಿ ಬರ್ತದ. ಕ್ಷಯದಂವ ಮುಚ್ಚಿದ ಕೋಣ್ಯಾಗ ಕೆಮ್ಮಿದ್ರ ಗಾಳಿಯೊಳಗ ಬರ್ತದ. ಪ್ಲೇಗಿಗೆ ಇಲಿ ಮನಿ, ಚಿಗಟ ಟಾಂಗಾ. ಈ ಜ್ವರದ ಮನಿ ಮನುಷ್ಯಾನೇ. ದಾರಿ ಯಾವದು?"

"ನೀರ್ರಿ."

"ನೀರಾಗಿದ್ರ ಇಡೀ ವಾಡೆ ಮಲಗಬೇಕಿತ್ತು. ಅಲ್ಲಿ ತಣ್ಣಗಿದ್ದದ್ದು, ಬೇಯಿಸಲಾರದ್ದು ಏನ್ ಉಣ್ತೀರಿ?"

"ಕೋಸಂಬರಿ."

"ಕಲಸೋರು ಯಾರು?"

"ಮಾವಶಿ," ಎಂದೆ. ಡಾಕ್ಟರು ಬಿಡಲಿಲ್ಲ. "ಅಕಿಗೆ ಹಿಂದ ಈ ಜ್ವರ ಬಂದಿತ್ತೇನು, ಕೇಳಿ ಬಾ."

ಬಂದಿತ್ತು. ಗಂಡ ತೀರಿಕೊಂಡ ವರ್ಷವೇ ಮಾವಶಿ ನಲವತ್ತು ದಿನ ಮಲಗಿ ಎದ್ದಿದ್ದರು. "ಅಂದಿನಿಂದ ಒಂದ್ ಸೀನು ಬಂದಿಲ್ಲ ನನಗ," ಎಂದು ಹೆಮ್ಮೆಯಿಂದ ಹೇಳಿದರು. ಕೆಲವರ ಪಿತ್ತಕೋಶದಲ್ಲಿ ಆ ಜ್ವರದ ರೋಗಾಣು ವರ್ಷಗಟ್ಟಲೆ ಉಳಿದುಬಿಡುತ್ತದೆ. ಅವರು ಗಟ್ಟಿಮುಟ್ಟಾಗಿಯೇ ಇರುತ್ತಾರೆ, ಅದು ಮಲದೊಂದಿಗೆ ಹೊರಬರುತ್ತಿರುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಓದಿ, ಬರೆದು, ಪಾಸಾಗಿದ್ದೆ.

ಮಾವಶಿ ದಿನಕ್ಕೆ ಎರಡು ಸಲ ತಣ್ಣೀರು ಸ್ನಾನ ಮಾಡುತ್ತಿದ್ದರು. ಅವರು ಒಣಹಾಕಿದ ಸೀರೆಯ ನೆರಳನ್ನೂ ಯಾರೂ ತುಳಿಯುವಂತಿರಲಿಲ್ಲ. ಆದರೆ ಸಾಬೂನು ಮುಟ್ಟುತ್ತಿರಲಿಲ್ಲ. ಅದರಲ್ಲಿ ದನದ ಕೊಬ್ಬು ಇರುತ್ತದಂತೆ. ಬಯಲಕಡೆ ಹೋಗಿ ಬಂದರೆ ಕೈಗೆ ಬರೀ ಮಣ್ಣು, ನೀರು. ಆಮೇಲೆ ಅದೇ ಬೆರಳುಗಳಿಂದ ಹೆಸರುಬೇಳೆ, ಸೌತೆಕಾಯಿ, ತೆಂಗಿನಕಾಯಿ ಕಲಸುವುದು.

ಮಲಪರೀಕ್ಷೆಗೆ ಒಪ್ಪಿಸಿದ ಬಗೆಯನ್ನು ಬರೆಯಲಾರೆ. ಆ ಮಾತು ಕೇಳಿ ಅವರು ಗೋಡೆಗೆ ಮುಖ ಮಾಡಿ ನಿಂತರು. ಎರಡು ಸಲ ಏನೂ ಕಾಣಲಿಲ್ಲ. ರೋಗಾಣು ದಿನಾಲೂ ಹೊರಬೀಳುವುದಿಲ್ಲ, ಇನ್ನೊಮ್ಮೆ ತಾ ಎಂದರು ಡಾಕ್ಟರು. ಮೂರನೆಯ ಸಲ ಸಿಕ್ಕಿತು. ಅದು ಸಿಗುವ ನಾಲ್ಕು ದಿನ ಮುಂಚೆ ನನ್ನ ಗೆಳೆಯ ಕರುಳು ತೂತಾಗಿ ಸತ್ತಿದ್ದ.

ಅಡುಗೆ ಮಾಡಬಾರದು ಎಂಬ ಹುಕುಂ ಹಿಡಿದು ನಾನೇ ಹೋದೆ. ಮಾವಶಿ ಈ ಸಲ ನಿಲ್ಲು ಎನ್ನಲಿಲ್ಲ.

"ನನ್ನ ಯಾರೂ ಮುಟ್ಟಿಲ್ಲೋ. ನಾನೂ ಯಾರನ್ನೂ ಮುಟ್ಟಿಲ್ಲ. ಮತ್ತ ಹ್ಯಾಂಗ ಹತ್ತೀತು?"

ಪಂಕ್ತಿಯವರು ಅವರ ಪರವಾಗಿ ನನ್ನ ಮೇಲೆಯೇ ತಿರುಗಿಬಿದ್ದರು. "ಗೆಳೆಯ ಸತ್ತಾನಂತ ಮುದುಕಿ ಮ್ಯಾಲೆ ಹಾಕ್ತಾನ," ಎಂದ ಒಬ್ಬ. ಹಾಗೆಂದವನು ಜ್ವರದಿಂದ ಎದ್ದು ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ.

ವಾರದೊಳಗೆ ಮಾವಶಿ ಊರಿಗೆ, ಅಣ್ಣನ ಮಗನ ಮನೆಗೆ ಹೋದರು. ಅವರನ್ನು ತಡೆಯುವ ಅಧಿಕಾರ ನಮಗಿರಲಿಲ್ಲ. ಅಲ್ಲಿ ನಮ್ಮ ಹುಕುಂ ನಡೆಯುತ್ತಲೂ ಇರಲಿಲ್ಲ. ನಾನು ಆ ಅಣ್ಣನ ಮಗನಿಗೆ ಎಲ್ಲವನ್ನೂ ಬಿಡಿಸಿ ಪತ್ರ ಬರೆದೆ: ಅವರನ್ನು ಚೆನ್ನಾಗಿ ನೋಡಿಕೊಳ್ಳಿ, ಅಡುಗೆ ಮಾತ್ರ ಮಾಡಿಸಬೇಡಿ. ಉತ್ತರ ಬಹಳ ವಿನಯದಿಂದ ಬಂತು. ಮನೆಯಲ್ಲಿ ಸಣ್ಣ ಮಕ್ಕಳಿವೆ, ಆದ್ದರಿಂದ ಅತ್ತೆಯವರ ಕೈಯ ಮಡಿ ಅಡುಗೆಯನ್ನಲ್ಲದೆ ಬೇರೆಯವರದನ್ನು ಅವಕ್ಕೆ ಉಣಿಸುವುದಿಲ್ಲ, ತಾವು ಚಿಂತಿಸಬಾರದು ಎಂದಿತ್ತು.

ಮತ್ತೆರಡು ಪತ್ರ ಬರೆದೆ. ಅವಕ್ಕೆ ಉತ್ತರವಿಲ್ಲ. ಆ ಮಕ್ಕಳು ಎಷ್ಟು ಜನ ಎಂಬುದೂ ನನಗೆ ಗೊತ್ತಿಲ್ಲ.