ತಮ್ಮನ ಜೀವಕ್ಕೆ ಕಟ್ಟಿದ ಕಂತು

ದಾಂಡೇಲಿಯ ಕಾಗದದ ಗಿರಣಿಯಲ್ಲಿ ಮೇಲ್ವಿಚಾರಕನಾಗಿದ್ದಾಗ, ಪಗಾರದಲ್ಲಿ ಹೆಚ್ಚಾಗಿ ಮುರಿದುಕೊಂಡ ಆದಾಯ ತೆರಿಗೆಯನ್ನು ಮರಳಿ ಕೇಳಿ ರಿಟರ್ನ್ ಸಲ್ಲಿಸಿದ್ದೆ. ಮರಳಿ ಬರುವ ಹಣದ ಚೆಕ್ಕು, ಅಂದರೆ ರಿಫಂಡ್ ಆರ್ಡರು, ಟಪಾಲಿನಲ್ಲಿ ಬಂದ ದಿನ ನಾನು ಪಾಳಿಯಲ್ಲಿದ್ದೆ. ತಮ್ಮನೇ ಅದನ್ನು ಬ್ಯಾಂಕಿನಲ್ಲಿ ನನ್ನ ಖಾತೆಗೆ ಹಾಕಿ ಬಂದ. ಪಾಸ್‌ಬುಕ್ ನೋಡಿದರೆ ನಾನು ಕೇಳಿದ್ದಕ್ಕಿಂತ ಕಡಿಮೆ ಜಮಾ ಆಗಿತ್ತು. ಬ್ಯಾಂಕಿನ ಗುಮಾಸ್ತನ ಮೇಲೆ ಹರಿಹಾಯ್ದೆ.

"ಆರ್ಡರಿನ್ಯಾಗ ಇದ್ದಷ್ಟ ಜಮಾ ಮಾಡೇವ್ರಿ. ತೆರಿಗಿ ಸಾಹೇಬ್ರನ್ನ ಕೇಳ್ರಿ," ಎಂದ ಅವನು.

ರಜೆ ಹಾಕಿ, ಬಸ್ಸು ಹತ್ತಿ, ತೆರಿಗೆ ಅಧಿಕಾರಿಯ ಮುಂದೆ ಹೋಗಿ ನಿಂತೆ. ಅವರು ಕಡತ ಬಿಚ್ಚಿದರು.

"ನಿಮ್ಮ ವಿಮಾ ಕಂತಿಗೆ ರಿಯಾಯಿತಿ ಕೊಟ್ಟೇನ್ರಿ. ತಮ್ಮನ ಜೀವದ ಮ್ಯಾಲ ನೀವು ಕಟ್ಟಿದ ಕಂತಿಗೆ ಕೊಡಾಕ ಬರೂದಿಲ್ಲ. ಹಿಂಗಾಗಿ ತೆರಿಗಿ ಹೆಚ್ಚಾತು, ರಿಫಂಡ್ ಕಡಿಮಿ ಆತು. ನಿಮ್ಮ ಜೀವ, ನಿಮ್ಮ ಹೆಂಡತಿ ಜೀವ, ಕಾಯ್ದೆದಾಗ ಅಷ್ಟ ಐತಿ."

"ತಮ್ಮ ಜೊಯಿಡಾ ಕಾಡಿನ್ಯಾಗ ಲಾರಿಗೆ ದಿಮ್ಮಿ ಹೇರ್ತಾನ್ರಿ. ನಾಳೆ ದಿಮ್ಮಿ ಉರುಳಿದ್ರ ಅವನ ಹೆಂಡ್ರು ಮಕ್ಕಳನ್ನ ಕಾಯ್ದೆ ಸಾಕತೈತೇನ್ರಿ? ನಮ್ಮನ್ಯಾಗ ಒಲಿ ಒಂದ ಐತಿ!"

"ಒಲಿ ಒಂದಾದ್ರೂ ಈ ಪಗಾರ ನಿಮ್ಮೊಬ್ಬರದ್ರಿ, ತೆರಿಗಿ ಲೆಕ್ಕಾನೂ ನಿಮ್ಮೊಬ್ಬರದ," ಎಂದರು ಅವರು, ಮೆಲ್ಲಗೆ.

ಅವರ ಲೆಕ್ಕ ಸರಿಯಿತ್ತು. ಅದಕ್ಕೇ ನನ್ನ ಸಿಟ್ಟು ಇಮ್ಮಡಿಯಾಯಿತು. ಸರಿ, ನಿಮ್ಮ ಕಾಯ್ದೆ ನಿಮಗಿರಲಿ ಎಂದು ಹೊರಟು ಬಂದೆ. ಮರುವರ್ಷದ ರಿಟರ್ನಿನಲ್ಲಿ ತಮ್ಮನ ಕಂತನ್ನು ಬರೆಯಲಿಲ್ಲ; ಸಿಗದ ರಿಯಾಯಿತಿಗೆ ಕೈಚಾಚುವ ಜಾತಿಯವ ನಾನಲ್ಲ. ಆದರೆ ಆ ಕಡಿಮೆಯಾಗಿ ಬಂದ ರಿಫಂಡ್ ಹಣ ಇತ್ತಲ್ಲ, ಅದನ್ನು ಒಂದು ಪೈಸೆಯೂ ಉಳಿಸದೆ ತೆಗೆದು, ತಮ್ಮನ ಜೀವದ ಮೇಲೆ ಎರಡನೆಯ ಪಾಲಿಸಿ ಮಾಡಿಸಿದೆ.