ಟೆಂಡರಿನ ಹಾಳೆಯಕ್ಕ

ಟೆಂಡರ್ ಕರೆಯುವ ಕಚೇರಿಯ ಎದುರು ಜೆರಾಕ್ಸ್ ಅಂಗಡಿಯಲ್ಲಿ ಕೂರುವ ಹೆಂಗಸಿಗೆ ಸಣ್ಣ ಕಂಟ್ರಾಕ್ಟರುಗಳೆಲ್ಲ ಹಾಳೆಯಕ್ಕ ಅನ್ನುತ್ತಾರೆ. ನನ್ನ ಮಗನೂ ಹಾಗೇ ಅನ್ನುತ್ತಾನೆ. ಅವನು ಅಷ್ಟು ಮೆತ್ತಗೆ ನನ್ನನ್ನು ಅಮ್ಮ ಅಂದು ಎಷ್ಟು ದಿನವಾಯಿತೋ.

ಮೊದಲು ಅವಳು ಬರೀ ಜೆರಾಕ್ಸ್ ಮಾಡುತ್ತಿದ್ದಳಂತೆ. ಟೆಂಡರ್ ನೋಟಿಸು ತಂದವರು ಒಳಗೇನಿದೆ ಎಂದು ಕೇಳಿ ಕೇಳಿ, ಇವಳೇ ಓದಿ ಹೇಳತೊಡಗಿದಳು. ಆಮೇಲೆ ಬರೆದುಕೊಡತೊಡಗಿದಳು. ಮೂವತ್ನಾಲ್ಕು ಪುಟದ ನೋಟಿಸು ಅವಳ ಕೈಯಲ್ಲಿ ಒಂದೇ ಹಾಳೆ ಆಗುತ್ತದೆ. ಯಾರು ಹಾಕಬಹುದು, ಎಷ್ಟು ಕಟ್ಟಬೇಕು, ಯಾವ ಕಾಗದ ಬೇಕು, ಯಾವಾಗ ಕೊಡಬೇಕು. ಅಕ್ಷರ ದುಂಡಗೆ. ಬರೆಯಲು ಕೂತರೆ ಎರಡು ಗಂಟೆ ಎದ್ದೇಳುವುದಿಲ್ಲ, ಚಹಾ ತಣ್ಣಗಾದರೂ ಮುಟ್ಟುವುದಿಲ್ಲ. ಇದನ್ನು ಹೊಗಳಬೇಕೆಂದು ಬರೆಯುತ್ತಿಲ್ಲ, ಕಂಡದ್ದು ಬರೆದೆ.

ಮೊದಲೆಲ್ಲ ಆ ಕೆಲಸ ನಮ್ಮ ಮನೆಯಲ್ಲಿ ಆಗುತ್ತಿತ್ತು. ಮಗ ನೋಟಿಸು ಜೋರಾಗಿ ಓದುತ್ತಿದ್ದ. ನಾನು ಟ್ರಂಕಿನಿಂದ ಒಂದೊಂದೇ ಕಾಗದ ತೆಗೆದುಕೊಡುತ್ತಿದ್ದೆ. ಓದು ನನಗೆ ಅಷ್ಟಕ್ಕಷ್ಟೆ, ಆದರೆ ಸೀಲಿನ ಬಣ್ಣ ನೋಡಿ ಯಾವ ಕಾಗದ ಅಂತ ಹೇಳುತ್ತೇನೆ. ಈಗ ಅವನು ಹಾಳೆ ಜೇಬಿನಲ್ಲಿಟ್ಟುಕೊಂಡು ಬರುತ್ತಾನೆ, ಊಟ ಮಾಡುತ್ತಾನೆ, ಮಲಗುತ್ತಾನೆ.

ಶಾಲೆಯ ಕಾಂಪೌಂಡು ಪಕ್ಕದ ಚರಂಡಿ ಕೆಲಸ ಬಂತು, ಅಂದಾಜು ಇಪ್ಪತ್ತು ಲಕ್ಷ. ವರ್ಷವಿಡೀ ಚಿಲ್ಲರೆ ರಿಪೇರಿ ಮಾಡಿಕೊಂಡಿದ್ದ ಮಗನಿಗೆ ಇದು ಸಿಕ್ಕರೆ ಮೇಸ್ತ್ರಿಗಳನ್ನು ಉಳಿಸಿಕೊಳ್ಳಬಹುದಿತ್ತು. ಅವತ್ತು ಹಾಳೆಯನ್ನು ಮೇಜಿನ ಮೇಲೆ ಎಸೆದು ಆಚೆ ಹೋದ. ಎತ್ತಿಕೊಂಡು ಅಕ್ಷರ ಕೂಡಿಸಿ ಓದಿದೆ. ಅರ್ಜಿ ಶುಲ್ಕ ಎರಡು ಸಾವಿರ, ವಾಪಸ್ ಬರುವುದಿಲ್ಲ. ಠೇವಣಿ ನಲವತ್ತು ಸಾವಿರ, ಕೆಲಸ ಸಿಗದಿದ್ದರೆ ವಾಪಸ್ ಬರುತ್ತದೆ. ಆನ್‌ಲೈನಿನಲ್ಲಿ ಇಪ್ಪತ್ತೊಂದನೇ ತಾರೀಖು ನಾಲ್ಕು ಗಂಟೆಯೊಳಗೆ. ಅಸಲು ಕಾಗದ ಲಕೋಟೆಯಲ್ಲಿ ಇಪ್ಪತ್ತೆರಡರ ಬೆಳಿಗ್ಗೆ ಹನ್ನೊಂದರೊಳಗೆ. ಎಲ್ಲಕ್ಕೂ ಮೇಲೆ ಕೆಂಪು ಶಾಯಿಯಲ್ಲಿ: ಐದು ವರ್ಷದೊಳಗೆ ಇಂಥದೇ ಕೆಲಸ, ಎಂಟು ಲಕ್ಷಕ್ಕೆ ಕಡಿಮೆಯಿಲ್ಲದ್ದು, ಸ್ವಂತ ಹೆಸರಿನಲ್ಲಿ ಮುಗಿಸಿರಬೇಕು. ತಂದೆಯವರ ಸರ್ಟಿಫಿಕೇಟು ನಡೆಯುವುದಿಲ್ಲ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಆ ಸರ್ಟಿಫಿಕೇಟುಗಳಿಗೆ ಗೆದ್ದಲು ತಾಗದ ಹಾಗೆ ಕಾದವಳು ನಾನು. ನಡೆಯುವುದಿಲ್ಲ ಅನ್ನಲು ಇವಳ್ಯಾರು? ಬೇರೆ ಯಾವನೋ ಗಿರಾಕಿಗೆ ದಾರಿ ಮಾಡಿಕೊಡುತ್ತಿದ್ದಾಳೆ ಅಂದುಕೊಂಡೆ.

ಹನ್ನೆರಡನೇ ತಾರೀಖು ನೋಟಿಸು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಹೋದೆ. ಮಗನಿಗೆ ಹೇಳಲಿಲ್ಲ. ನಾನು ಯಾರ ತಾಯಿ ಅಂತ ಹೇಳಿ, ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ತನ್ನ ಸ್ಟೂಲು ನನಗೆ ಕೊಟ್ಟು ನಿಂತೇ ಇದ್ದಳು. ಹನ್ನೊಂದನೇ ಪುಟ ತೆಗೆದು ಒಂದು ಸಾಲಿನ ಕೆಳಗೆ ಸ್ಕೇಲು ಇಟ್ಟಳು. ನಿಧಾನ ಓದಿದೆ. ಟೆಂಡರುದಾರರ ಸ್ವಂತ ಹೆಸರಿನಲ್ಲಿ, ಅಂತಲೇ ಇತ್ತು.

"ನಿಮ್ಮ ಮಗನ ಹೆಸರಲ್ಲಿ ಮುಗಿಸಿದ ಕೆಲಸ ಒಂದೂ ಇಲ್ವಾ ಅಮ್ಮಾ?" ಅಂದಳು. "ಕೇಳಿದ್ದಕ್ಕೆ ತಲೆ ತಗ್ಗಿಸಿಬಿಟ್ರು."

ಇತ್ತು. ಮೂರು ವರ್ಷದ ಹಿಂದೆ ಆಸ್ಪತ್ರೆಯ ಚರಂಡಿ, ಒಂಬತ್ತು ಲಕ್ಷದ್ದು. ಬಿಲ್ಲು ಪಾಸಾಯಿತು. ಆದರೆ ಇಂಜಿನಿಯರ ಹತ್ತಿರ ಜಗಳ ಮಾಡಿಕೊಂಡು, ಕೆಲಸ ಮುಗಿದ ಸರ್ಟಿಫಿಕೇಟು ಕೇಳಲು ಮಗ ಮತ್ತೆ ಅವರ ಕಚೇರಿಯ ಮೆಟ್ಟಿಲು ಹತ್ತಲಿಲ್ಲ. ಅವಳಿಗೆ ಹೇಳಲು ನಾಚಿಕೆಪಟ್ಟ. ನನಗೆ ಗೊತ್ತಿತ್ತು.

ನಾನು ತಕ್ಷಣ ಬಾಯಿ ಬಿಡಲಿಲ್ಲ, ಸುಳ್ಳು ಯಾಕೆ ಬರೆಯಲಿ. ಹೇಳಿದರೆ ಕೆಲಸ ದಕ್ಕಿಸಿಕೊಟ್ಟವಳು ಅವಳಾಗುತ್ತಾಳೆ. ಹೇಳದಿದ್ದರೆ ಅವಳ ಹಾಳೆಯಿಂದ ಬಂದದ್ದು ಬರೀ ಇಲ್ಲ ಅನ್ನುವ ಮಾತು. ಮಗ ಅವಳ ಮೇಲೆ ಮುನಿಸಿಕೊಂಡಾನು, ಮತ್ತೆ ನನ್ನ ಟ್ರಂಕಿನ ಹತ್ತಿರ ಬಂದು ಕೂತಾನು. ಜೆರಾಕ್ಸ್ ಮಿಷನ್ನು ಹತ್ತಿಪ್ಪತ್ತು ಹಾಳೆ ಉಗುಳುವವರೆಗೆ ಹಾಗೇ ಕೂತಿದ್ದೆ. ಅವಳು ಅವಸರ ಮಾಡಲಿಲ್ಲ. ಆಮೇಲೆ ಹೇಳಿದೆ. ಕೆಲಸದ ಆದೇಶದ ನಂಬರೂ ಬಾಯಲ್ಲೇ ಇತ್ತು, ಅದನ್ನೂ ಹೇಳಿದೆ.

ಅಲ್ಲೇ ಅವಳು ಇಂಜಿನಿಯರಿಗೆ ಅರ್ಜಿ ಬರೆದಳು. "ಸಹಿ ಮಾಡೋಕೆ ಅವರನ್ನ ಕಳಿಸಿ," ಅಂದಳು.

"ನೀನೇ ಫೋನ್ ಮಾಡು. ನಾನು ಬಂದಿದ್ದೆ ಅಂತ ಮಾತ್ರ ಹೇಳಬೇಡ, ಮುಚ್ಚಿಟ್ಟದ್ದನ್ನ ಅಮ್ಮ ಬಿಚ್ಚಿದಳು ಅಂತ ಅವನಿಗೆ ನೋವಾಗುತ್ತೆ."

ಅವಳು ನನ್ನ ಮುಖ ನೋಡಿದಳು. "ಸರಿ, ಹೇಳಲ್ಲ" ಅಂದಳು.

ಮಗ ಮೆಟ್ಟಿಲು ಹತ್ತಿದ. ಆ ಇಂಜಿನಿಯರು ವರ್ಗವಾಗಿ ಹೋಗಿದ್ದರಂತೆ. ಹೊಸಬರು ಕಡತ ತೆಗೆಸಿ ಹತ್ತೊಂಬತ್ತಕ್ಕೆ ಸಹಿ ಹಾಕಿಕೊಟ್ಟರು. ಇಪ್ಪತ್ತಕ್ಕೇ ಮಗ ಆನ್‌ಲೈನಿನಲ್ಲಿ ಟೆಂಡರು ಹಾಕಿದ, ಲಕೋಟೆಯೂ ಹೊತ್ತಿಗೆ ಮುಟ್ಟಿತು. ಕಾಗದ ತೆರೆದು ನೋಡಿದ ಮೇಲೆ ಅರ್ಹರ ಪಟ್ಟಿಯಲ್ಲಿ ಮಗನ ಹೆಸರು ಇತ್ತು. ಇನ್ನು ಯಾರ ದರ ಕಡಿಮೆ ಅನ್ನುವ ಮಾತು, ಅದು ಅವನ ಪಾಡು.

ಊಟಕ್ಕೆ ಕೂತವನು ಹೇಳಿದ್ದನ್ನೇ ಹೇಳಿದ. "ಅಮ್ಮಾ, ಆಸ್ಪತ್ರೆ ಚರಂಡಿದು ನಾನು ಹೊರಗೆ ಯಾರಿಗೂ ಹೇಳಿರಲಿಲ್ಲ. ಆ ಅಕ್ಕ ಅದು ಹೇಗೆ ಪತ್ತೆ ಮಾಡಿದ್ರೋ. ಅವರದು ಎಂಥಾ ತಲೆ ಅಂತೀಯ!"

ಹೇಳಬೇಡ ಅಂದವಳು ನಾನೇ. ಮಾತಿಗೆ ತಪ್ಪಲಿಲ್ಲ ಅವಳು, ಈಗಲೂ ತಪ್ಪಿಲ್ಲ. ಒಂದು ಸಲ ತಪ್ಪಬಾರದಿತ್ತೇ ಎಂದುಕೊಳ್ಳುತ್ತಾ ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ.