ಕೆಂಪು ತಾರೀಖು

ಶಹಾಪುರದ ಬಸ್‌ಸ್ಟ್ಯಾಂಡ್ ಹಿಂದಿನ ನಮ್ಮ ಇಂಟರ್ನೆಟ್ ಆಫೀಸಿನಲ್ಲಿ ಮೊದಲು ಕಂಪ್ಯೂಟರ್ ಬಿಲ್ಲಿಂಗ್ ಇರಲಿಲ್ಲ. ಮಾಲೀಕರಾದ ಸಾಹುಕಾರರ ಉದ್ದನೆಯ ರಿಜಿಸ್ಟರ್ ಇತ್ತು. ಪ್ರತಿ ಗಿರಾಕಿಯ ಹೆಸರಿನ ಮುಂದೆ ಎರಡು ತಾರೀಖು. ಮನೆಗೆ ನೆಟ್ ಲೈನ್ ಹಾಕಿಸಿಕೊಂಡ ದಿನ ಕೆಂಪು ಶಾಯಿಯಲ್ಲಿ, ಮುಂದಿನ ರಿನ್ಯೂವಲ್ ಪೆನ್ಸಿಲ್‌ನಲ್ಲಿ. ಪೆನ್ಸಿಲ್‌ನದು ತಿಂಗಳಿಗೊಮ್ಮೆ ಅಳಿಸಿ ಬರೆಯುವುದು. ಕೆಂಪನ್ನು ಮುಟ್ಟುವ ಹಾಗಿರಲಿಲ್ಲ. ಮೊದಲನೇ ಸಾಲಿನಲ್ಲಿ ಸಾಹುಕಾರರದೇ ಮನೆ, ವರ್ಷದ ಪ್ಲಾನು, ಕೆಂಪು ತಾರೀಖು ಫೆಬ್ರವರಿ ಇಪ್ಪತ್ತೊಂಬತ್ತು. ನಾಲ್ಕು ವರ್ಷಕ್ಕೊಮ್ಮೆ ಹಣ ಕಟ್ಟಿದರೆ ಸಾಕಲ್ಲ ಅಂತ ನಾನು ಚೇಷ್ಟೆ ಮಾಡುತ್ತಿದ್ದೆ.

ಸಾಫ್ಟ್‌ವೇರ್ ಬಂದ ವರ್ಷ ಅಧಿಕ ವರ್ಷವಲ್ಲ. ಫೆಬ್ರವರಿಯ ನಡುವೆ ಕೂತು ಇಡೀ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಿದವನು ನಾನೇ. ಬೇಗ ಮುಗಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಹುಚ್ಚು. ಕೆಂಪು ತಾರೀಖು ಹಳೇ ಕಾಲದ ಶೋಕಿ ಅನ್ನಿಸಿ ಬಿಟ್ಟೆ. ಪೆನ್ಸಿಲ್ ತಾರೀಖು ಮಾತ್ರ ಹಾಕಿದೆ. ಆ ತಿಂಗಳು ಇಪ್ಪತ್ತೆಂಟರವರಿಗೂ ಮೂವತ್ತೊಂದರವರಿಗೂ ಪೆನ್ಸಿಲ್‌ನಲ್ಲಿ ಒಂದೇ ತಾರೀಖು ಇತ್ತು, ಇಪ್ಪತ್ತೆಂಟು. ನನಗೆ ಅದು ಹೊಳೆಯಲಿಲ್ಲ.

ಮಾರ್ಚ್ ಇಪ್ಪತ್ತೊಂಬತ್ತರ ಬೆಳಿಗ್ಗೆ ಹತ್ತು ದಾಟಿತ್ತು. ಒಬ್ಬಳು ಹುಡುಗಿ ಓಡಿಬಂದಳು. ಸುರಪುರದ ಕಡೆಯ ಕುರಿಗಾರರ ಮಗಳು, ನರ್ಸಿಂಗ್ ಮುಗಿಸಿ ತಾಯಿಯೊಂದಿಗೆ ನಮ್ಮ ಊರಲ್ಲಿ ಬಾಡಿಗೆಗೆ ಇದ್ದವಳು. ತಂದೆ ಕುರಿಯೊಂದಿಗೆ ತಿಂಥಣಿಯ ಹೊಳೆದಂಡೆಯಲ್ಲಿದ್ದ.

"ನೆಟ್ ಬಂದ್ ಆಗೇತ್ರಿ. ಹನ್ನೊಂದಕ್ಕ ಕಲಬುರ್ಗಿ ದವಾಖಾನಿಯವರ ಇಂಟರ್‌ವ್ಯೂ ಐತ್ರಿ, ವಿಡಿಯೋದಾಗ. ಮೊಬೈಲಿಗಿ ಮನ್ಯಾಗ ರೇಂಜ್ ಬರಂಗಿಲ್ರಿ."

ನಾನು ಸ್ಕ್ರೀನ್ ನೋಡಿ ಹೇಳಿದೆ: "ನಿಮ್ಮ ತಾರೀಖು ನಿನ್ನೆನ ಮುಗದೈತಿ."

"ಹೆಂಗ್ರಿ? ಅಪ್ಪ ತಿಂಗಳ ಕಡೀ ದಿನ ಅಂತ ನೆನಪಿಟ್ಟಾನ. ಹೋದ ತಿಂಗಳ ಇಪ್ಪತ್ತೆಂಟಕ್ಕ ಕಟ್ಯಾನ. ಈ ತಿಂಗಳ ಮೂವತ್ತೊಂದಕ್ಕಲ್ರಿ?"

"ಕಂಪ್ಯೂಟರ್ ಸುಳ್ಳ ಹೇಳತೈತೇನು?" ಅಂದೆ. ಆ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಹುಡುಗಿಯ ಕಣ್ಣು ತುಂಬಿಬಂತು.

ಚಹಾ ಕುಡಿದು ಬಂದ ಸಾಹುಕಾರರು ಗೋಡೆಯ ಗಡಿಯಾರ ನೋಡಿದರು. "ಮೊದಲ ಲೈನ್ ಚಾಲೂ ಮಾಡೋ, ಆಮ್ಯಾಲ ವಾದ ಮಾಡು" ಅಂದರು. ಮಾಡಿದೆ. ಹುಡುಗಿ ತಿರುಗಿ ನೋಡದೆ ಓಡಿದಳು. ಸಾಹುಕಾರರು ಕಪಾಟಿನಿಂದ ರಿಜಿಸ್ಟರ್ ತೆಗೆದು ಬೆರಳಿಟ್ಟರು. ಕೆಂಪಿನಲ್ಲಿ ಜನವರಿ ಮೂವತ್ತೊಂದು.

"ಇದನ್ನ ಎಲ್ಲಿ ಹಾಕೀದಿ?"

"ಹಾಕಿಲ್ರಿ ಸಾಹುಕಾರ್ರ."

"ಫೆಬ್ರವರಿ ಅಂದ್ರ ಗಿಡ್ಡ ಬಾಗಲಾ ಇದ್ದಂಗೋ. ಮೂವತ್ತೊಂದರಾಂವ ಬಗ್ಗಿ ಒಳಗ ಹೋಗ್ತಾನ. ಹೊರಗ ಬಂದ ಮ್ಯಾಲ ನೆಟ್ಟಗ ನಿಂದ್ರಬೇಕಲ್ಲ? ನೀ ಅವನ್ನ ಬಗ್ಗಿಸಿ ಬಿಟ್ಟಿದಿ. ಅವನ ಎತ್ತರ ಎಷ್ಟಿತ್ತಂತ ಕಂಪ್ಯೂಟರಿಗಿ ಹೇಳೇ ಇಲ್ಲ."

ಸಾಫ್ಟ್‌ವೇರ್‌ನವರಿಗೆ ಫೋನ್ ಹಚ್ಚಿದೆವು. ಆರಂಭದ ದಿನ ಅಂತ ಒಂದು ಖಾನೆ ಇದೆಯಂತೆ. ಅದು ಖಾಲಿಯಿದ್ದರೆ ಲೆಕ್ಕ ಹಿಂದಿನ ರಿನ್ಯೂವಲ್‌ನಿಂದ ನಡೆಯುತ್ತದೆ. ಇಪ್ಪತ್ತೆಂಟಕ್ಕೆ ಇಳಿದವನು ಆಮೇಲೆ ಇಪ್ಪತ್ತೆಂಟರಲ್ಲೇ ಉಳಿಯುತ್ತಾನೆ. ತುಂಬಿದರೆ ಪ್ರತಿ ಸಲವೂ ಮೊದಲ ದಿನದಿಂದಲೇ ಎಣಿಸುತ್ತದೆ. ಫೆಬ್ರವರಿಯಲ್ಲಿ ಇಪ್ಪತ್ತೆಂಟು, ಮಾರ್ಚ್‌ನಲ್ಲಿ ಮತ್ತೆ ಮೂವತ್ತೊಂದು, ಏಪ್ರಿಲ್‌ನಲ್ಲಿ ಮೂವತ್ತು. ಫೆಬ್ರವರಿ ಇಪ್ಪತ್ತೊಂಬತ್ತರವರನ್ನು ಬೇರೆ ವರ್ಷಗಳಲ್ಲಿ ಫೆಬ್ರವರಿ ಇಪ್ಪತ್ತೆಂಟಕ್ಕೆ ಇಡಬೇಕೋ ಮಾರ್ಚ್ ಒಂದಕ್ಕೋ ಅಂತಲೂ ಕೇಳಿದರು. ಎರಡೂ ರೂಢಿಗಳು ಇವೆಯಂತೆ. "ಫೆಬ್ರವರಿಯಾಂವ ಫೆಬ್ರವರಿಯಾಗ ಇರ್ಲಿ" ಅಂದರು ಸಾಹುಕಾರರು. ಎರಡು ದಿನ ಪಕ್ಕದಲ್ಲೇ ಕೂತು ಕೆಂಪು ತಾರೀಖುಗಳನ್ನು ಒಂದೊಂದಾಗಿ ಓದಿ ಹೇಳಿದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಮೂವತ್ತೊಂದರಂದು ಹುಡುಗಿಯ ತಂದೆಯೇ ಬಂದ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಪೇಢೆ. ಕೆಲಸ ಸಿಕ್ಕಿತ್ತು. ಮೊದಲ ಪೇಢೆ ನನ್ನ ಕೈಗಿಟ್ಟ. ಮಗಳು ನನ್ನ ಮಾತು ಅವನಿಗೆ ಹೇಳಿರಲಿಲ್ಲ.

ಸಾಹುಕಾರರು ಈಗಿಲ್ಲ. ಕೌಂಟರ್ ನಾನೇ ನೋಡುತ್ತೇನೆ. ಅವರ ಮನೆಯ ಲೈನಿಗೆ ಅವರ ಹೆಂಡತಿ ಪ್ರತಿ ವರ್ಷ ಫೆಬ್ರವರಿ ಇಪ್ಪತ್ತೆಂಟಕ್ಕೆ ತಾವೇ ಬಂದು ಹಣ ಕಟ್ಟುತ್ತಾರೆ. ಬೇಡವೆಂದರೆ ಕೇಳುವವರಲ್ಲ. ಕಳೆದ ಅಧಿಕ ವರ್ಷವೂ ಅದೇ ದಿನ ಬಂದು ಸೆರಗಿನ ಗಂಟು ಬಿಚ್ಚಿದರು. ನಾನು ಸ್ಕ್ರೀನ್ ತೆರೆದೆ. ಮೂರು ವರ್ಷ ಇಪ್ಪತ್ತೆಂಟು ತೋರಿಸಿದ ಸಾಲು ಈಗ ಇಪ್ಪತ್ತೊಂಬತ್ತು ತೋರಿಸುತ್ತಿತ್ತು.

"ಈ ವರ್ಷ ನಾಳೆ ಐತ್ರಿ ಅಮ್ಮಾರ" ಅಂದೆ.

"ಅವರ ತಾರೀಖು ಬಂದೈತೇನು?"

"ಬಂದೈತ್ರಿ."

ಇವತ್ತೇ ಕಟ್ಟಬಹುದು, ಏನೂ ತೊಂದರೆಯಿಲ್ಲ ಅಂತ ಹೇಳಲು ಹೊರಟೆ. ಅವರು ಅಷ್ಟರಲ್ಲೇ ಹಣವನ್ನು ಮತ್ತೆ ಗಂಟು ಹಾಕಿಕೊಂಡಿದ್ದರು.

"ಹಂಗಾರ ನಾಳೆನ ಬರ್ತೀನಿ" ಅಂದರು.